ಎಷ್ಟು ಎತ್ತರ ಅನ್ನೋದಕ್ಕಿಂತ ಮೊದಲು ಎಷ್ಟು ಸಣ್ಣದು ಅಂತ ಕೇಳಿ

ಡ್ರೋನ್ ಪ್ರಾಜೆಕ್ಟ್ ತಗೊಂಡ ಯಾವ ಟೀಮನ್ನೇ ಕೇಳಿ, ರಿವ್ಯೂನಲ್ಲಿ ಮೊದಲು ಬರೋ ಪ್ರಶ್ನೆ ಒಂದೇ: "ಎಷ್ಟು ಎತ್ತರದಲ್ಲಿ ಹಾರಿಸಿದ್ರಿ?" ನಾವೂ ಎದೆಯುಬ್ಬಿಸಿ "ನೂರು ಮೀಟರ್ ಸರ್" ಅಂದೆವು. ಎಲ್ಲರೂ ತಲೆಯಾಡಿಸಿದರು, ಮಾರ್ಕ್ಸೂ ಬಂತು. ಆ ಉತ್ತರದಲ್ಲಿ ನಮ್ಮ ಪ್ರಾಜೆಕ್ಟಿನ ದೊಡ್ಡ ತಪ್ಪು ಅಡಗಿತ್ತು ಅಂತ ಆವತ್ತು ಕೋಣೆಯಲ್ಲಿದ್ದ ಯಾರಿಗೂ ಗೊತ್ತಾಗಲಿಲ್ಲ. ಪ್ರಶ್ನೆಯೇ ತಪ್ಪಾಗಿತ್ತು ಅನ್ನೋದು ಈಗಿನ ನಮ್ಮ ಅಭಿಪ್ರಾಯ. ಯಾಕೆ ಅಂತ ಹೇಳೋಕೆ ನಮ್ಮ ಮರ್ಯಾದೆಯನ್ನು ಸ್ವಲ್ಪ ನಾವೇ ಕಳೆದುಕೊಳ್ಳಬೇಕಾಗುತ್ತೆ, ಪರವಾಗಿಲ್ಲ.

ನಾವು ಸಿವಿಲ್‌ನ ನಾಲ್ಕು ಜನ. ಕಾಲೇಜಿನಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ಒಂದು ಊರಿನ ಕೆರೆ ನಮ್ಮ ಸೈಟು. ಎರಡು ಕೆಲಸ ಇತ್ತು. ಕೆರೆಯ ಏರಿ ಮತ್ತು ಅದರ ಸುತ್ತಲಿನ ಹತ್ತು ಹೆಕ್ಟೇರಿನ ನಕ್ಷೆ ಮಾಡೋದು ಒಂದು. ಕೋಡಿಯ ಪಕ್ಕದ ಕಾಂಕ್ರೀಟ್ ಗೋಡೆಯಲ್ಲಿ ಬಿರುಕು ಇದೆಯಾ ಅಂತ ನೋಡಿ ಪಂಚಾಯಿತಿಗೆ ಒಂದು ವರದಿ ಕೊಡೋದು ಇನ್ನೊಂದು. ರಿಮೋಟ್ ಪೈಲಟ್ ಸರ್ಟಿಫಿಕೇಟ್ ಇರೋ ನಮ್ಮ ಲ್ಯಾಬ್ ಸರ್ ಹಾರಿಸೋಕೆ ಒಪ್ಪಿದರು. ಊರು ಹಸಿರು ವಲಯದಲ್ಲಿತ್ತು. 2021ರ ಡ್ರೋನ್ ನಿಯಮಗಳ ಪ್ರಕಾರ ಅಲ್ಲಿ 400 ಅಡಿ, ಅಂದರೆ 120 ಮೀಟರ್‌ವರೆಗೆ ಹಾರಿಸಬಹುದು. ಅಷ್ಟಿದೆಯಲ್ಲ, ಸ್ವಲ್ಪ ಕಮ್ಮಿ ಇರಲಿ ಅಂತ ನೂರಕ್ಕೆ ಇಟ್ಟೆವು. ನಮ್ಮ ಎತ್ತರದ ಆಯ್ಕೆಯ ಹಿಂದಿದ್ದ ಎಂಜಿನಿಯರಿಂಗ್ ಇಷ್ಟೇ.

ಸುಮಾರು ನೂರಿಪ್ಪತ್ತು ಫೋಟೋ ಬಂತು. ಜೋಡಿಸಿ ನೋಡಿದರೆ ಕಣ್ಣಿಗೆ ಹಬ್ಬ. ಏರಿ, ತೂಬು, ಕೋಡಿ, ಅಚ್ಚುಕಟ್ಟಿನ ಗದ್ದೆ ಎಲ್ಲ ಚೊಕ್ಕವಾಗಿ ಕಂಡವು. ಕೋಡಿ ಗೋಡೆಯ ಜಾಗವನ್ನು ಜೂಮ್ ಮಾಡಿದೆವು, ಬಿರುಕು ಕಾಣಲಿಲ್ಲ. "ಗೋಡೆಯಲ್ಲಿ ಬಿರುಕುಗಳು ಕಂಡುಬಂದಿಲ್ಲ" ಅಂತ ವರದಿಯ ಕರಡಿನಲ್ಲಿ ಬರೆದೂಬಿಟ್ಟೆವು. ಕರಡನ್ನು ಪಂಚಾಯಿತಿಗೆ ತೋರಿಸೋಕೆ ಹೋದ ದಿನ ಅಲ್ಲಿ ಕೂತಿದ್ದ ನೀರುಗಂಟಿ ತಾತ ಕೇಳಿದರು, "ಏನಪ್ಪಾ, ಬಿರುಕಿಲ್ಲ ಅಂತ ಬರ್ದಿದ್ದೀರಾ? ಬನ್ನಿ ತೋರಿಸ್ತೀನಿ." ಕರೆದುಕೊಂಡು ಹೋಗಿ ಗೋಡೆಯ ಮೇಲೆ ಬೆರಳಿಟ್ಟು ತೋರಿಸಿದರು. ಎರಡು ಮಿಲಿಮೀಟರ್ ಅಗಲದ ಬಿರುಕು, ಅಡ್ಡಡ್ಡ ಓಡಿದೆ, ಬಾಯಲ್ಲಿ ಬಿಳಿ ಸುಣ್ಣ ಒಸರಿದೆ. ನೀರು ಒಳಗಿಂದ ಬರ್ತಿದೆ ಅನ್ನೋದಕ್ಕೆ ಅದಕ್ಕಿಂತ ಸಾಕ್ಷಿ ಬೇಕಾ? ವರದಿ ಹಾಗೇ ಹೋಗಿದ್ದರೆ ಮುಂದಿನ ಮಳೆಗಾಲದವರೆಗೆ ಆ ಗೋಡೆಯನ್ನು ಯಾರೂ ತಿರುಗಿ ನೋಡ್ತಿರಲಿಲ್ಲ, "ಕಾಲೇಜಿನವರೇ ಸರಿ ಇದೆ ಅಂದಿದ್ದಾರಲ್ಲ" ಅಂತಿದ್ದರು.

ರೂಮಿಗೆ ಬಂದು ಲೆಕ್ಕ ಮಾಡೋಕೆ ಕೂತೆವು. ಮೊದಲ ದಿನವೇ ಮಾಡಬೇಕಿದ್ದ ಲೆಕ್ಕ ಅದು.

ಒಂದು ಪಿಕ್ಸೆಲ್ ನೆಲದ ಮೇಲೆ ಎಷ್ಟು ಉದ್ದವನ್ನು ಆವರಿಸುತ್ತೋ ಅದೇ ಜಿಎಸ್‌ಡಿ, ಗ್ರೌಂಡ್ ಸ್ಯಾಂಪಲ್ ಡಿಸ್ಟೆನ್ಸ್. ಇದು ಬರೀ ಸಮರೂಪ ತ್ರಿಕೋನದ ವಿಷಯ. ಲೆನ್ಸಿನ ಒಳಗೆ ಒಂದು ಸಣ್ಣ ತ್ರಿಕೋನ, ಅದರ ಎತ್ತರ ಫೋಕಲ್ ಲೆಂಗ್ತ್, ತಳ ಸೆನ್ಸರಿನ ಅಗಲ. ಹೊರಗೆ ದೊಡ್ಡ ತ್ರಿಕೋನ, ಅದರ ಎತ್ತರ ಡ್ರೋನಿನ ಎತ್ತರ, ತಳ ಫೋಟೋದಲ್ಲಿ ಬೀಳೋ ನೆಲದ ಅಗಲ. ಆ ನೆಲದ ಅಗಲವನ್ನು ಪಿಕ್ಸೆಲ್ ಸಂಖ್ಯೆಯಿಂದ ಭಾಗಿಸಿದರೆ ಮುಗೀತು:

```
GSD = (H × Sw) / (f × Iw)
```

ಇಲ್ಲಿ H ಅಂದರೆ ಎತ್ತರ, Sw ಸೆನ್ಸರಿನ ಅಗಲ, f ಫೋಕಲ್ ಲೆಂಗ್ತ್, Iw ಫೋಟೋದ ಅಗಲದಲ್ಲಿರೋ ಪಿಕ್ಸೆಲ್ ಸಂಖ್ಯೆ. ನಮ್ಮ ಕ್ಯಾಮೆರಾದ್ದು ಒಂದು ಇಂಚಿನ ಸೆನ್ಸರ್ ಅಂತ ಕರೆಯೋ ಜಾತಿ. ಅದರ ನಿಜವಾದ ಅಗಲ 13.2 ಮಿಲಿಮೀಟರ್, ಫೋಟೋ 5472 ಪಿಕ್ಸೆಲ್ ಅಗಲ. ಫೋಕಲ್ ಲೆಂಗ್ತ್ ನೋಡೋಕೆ ಡ್ರೋನಿನ ವಿವರದ ಹಾಳೆ ತೆಗೆದರೆ 24 ಮಿಲಿಮೀಟರ್ ಅಂತಿತ್ತು. ಹಾಕಿದೆವು. ನೂರು ಮೀಟರಿಗೆ ಜಿಎಸ್‌ಡಿ ಸರಿಯಾಗಿ 1 ಸೆಂಟಿಮೀಟರ್! ಉತ್ತರ ಅಷ್ಟು ದುಂಡಗೆ ಬಂದದ್ದರಿಂದ ಅದು ಸರಿಯೇ ಇರಬೇಕು ಅಂದುಕೊಂಡೆವು. ನಕ್ಷೆಯನ್ನು ಎಕ್ಸ್‌ಪೋರ್ಟ್ ಮಾಡುವಾಗಲೂ ರೆಸಲ್ಯೂಶನ್ 1 ಸೆಂಟಿಮೀಟರ್ ಅಂತಲೇ ಕೊಟ್ಟೆವು. ಸಾಫ್ಟ್‌ವೇರ್ ಒಂದು ಮಾತೂ ಆಡದೆ ಕೊಟ್ಟಿತು, ಫೈಲ್ ಮಾತ್ರ ಊದಿಕೊಂಡಿತು.

ತಪ್ಪು ಗೊತ್ತಾಗಿದ್ದು ಆಕಸ್ಮಿಕವಾಗಿ. ಹಾರಿಸಿದ ದಿನ ನಾವು ಲೆವೆಲಿಂಗ್ ಮಾಡಿ ನಾಲ್ಕು ಮೀಟರಿನ ಸ್ಟಾಫನ್ನು ಏರಿಯ ಮೇಲೆ ಮಲಗಿಸಿ ಮರೆತಿದ್ದೆವು. ಅದು ಫೋಟೋದಲ್ಲಿ ಬಿದ್ದಿತ್ತು. 1 ಸೆಂಟಿಮೀಟರ್ ಜಿಎಸ್‌ಡಿ ನಿಜವಾಗಿದ್ದರೆ ಮೂಲ ಫೋಟೋದಲ್ಲಿ ಸ್ಟಾಫು 400 ಪಿಕ್ಸೆಲ್ ಉದ್ದ ಇರಬೇಕು. ಎಣಿಸಿದರೆ 146. ನಾಲ್ಕು ಮೀಟರನ್ನು 146ರಿಂದ ಭಾಗಿಸಿ, 2.74 ಸೆಂಟಿಮೀಟರ್ ಬರುತ್ತೆ. ಸುಮಾರು ಮೂರು ಪಟ್ಟು ತಪ್ಪು.

24 ಮಿಲಿಮೀಟರ್ ಅನ್ನೋದು ಲೆನ್ಸಿನ ನಿಜವಾದ ಫೋಕಲ್ ಲೆಂಗ್ತ್ ಅಲ್ಲ, 35 ಮಿಲಿಮೀಟರ್ ಫಿಲ್ಮಿಗೆ ಸಮಾನ ಅಂತ ಕೊಡೋ ಸಂಖ್ಯೆ. ಆ ಫಿಲ್ಮಿನ ಚೌಕಟ್ಟು 36 ಮಿಲಿಮೀಟರ್ ಅಗಲ. ಆ ಕ್ಯಾಮೆರಾದಲ್ಲಿ 24ರ ಲೆನ್ಸ್ ಎಷ್ಟು ಅಗಲ ನೋಡುತ್ತೋ ನಮ್ಮದೂ ಅಷ್ಟೇ ಅಗಲ ನೋಡುತ್ತೆ ಅನ್ನೋದು ಅದರ ಅರ್ಥ. ನಿಜವಾದ ಸಂಖ್ಯೆ ಫೋಟೋದ ಹೊಟ್ಟೆಯೊಳಗೇ ಇರುತ್ತೆ:

```
exiftool -FocalLength -FocalLengthIn35mmFormat IMG_0012.JPG
```

ಎರಡು ಸಾಲು ಬರುತ್ತೆ, ನಮ್ಮದರಲ್ಲಿ ಒಂದು 8.8, ಇನ್ನೊಂದು 24. ಸಣ್ಣ ಸೆನ್ಸರಿನ 13.2 ಹಾಕುವವರು 8.8 ಹಾಕಬೇಕು, 24 ಹಾಕುವವರು 36 ಹಾಕಬೇಕು. ಅದಕ್ಕೆ ಇದು, ಇದಕ್ಕೆ ಅದು ಬೆರೆಸಿದರೆ ನಮ್ಮ ಗತಿ. 8.8 ಹಾಕಿ ನೋಡಿ, ನೂರು ಮೀಟರಿಗೆ 2.74 ಸೆಂಟಿಮೀಟರ್ ಬಂದು ಸ್ಟಾಫಿನ ಲೆಕ್ಕಕ್ಕೆ ಸರಿಯಾಗಿ ಕೂರುತ್ತೆ. ನಮ್ಮ ಕ್ಯಾಮೆರಾಗೆ ಒಂದು ಸುಲಭದ ಸೂತ್ರವೂ ಸಿಕ್ಕಿತು: ಎತ್ತರವನ್ನು ಮೀಟರಿನಲ್ಲಿ ತಗೊಂಡು 36.5ರಿಂದ ಭಾಗಿಸಿದರೆ ಜಿಎಸ್‌ಡಿ ಸೆಂಟಿಮೀಟರಿನಲ್ಲಿ.

ಈಗ ಬಿರುಕಿನ ಕಥೆ ನೋಡಿ. ಪಿಕ್ಸೆಲ್ 27 ಮಿಲಿಮೀಟರ್, ಬಿರುಕು 2 ಮಿಲಿಮೀಟರ್. ಬಿರುಕು ಒಂದು ಪಿಕ್ಸೆಲಿನ ಹದಿನಾಲ್ಕನೇ ಒಂದು ಪಾಲು. ಆ ಪಿಕ್ಸೆಲಿನ ಬಣ್ಣ ಅಂದರೆ ಅಷ್ಟೂ ಜಾಗದ ಸರಾಸರಿ. ಹದಿಮೂರು ಪಾಲು ಕಾಂಕ್ರೀಟಿನ ಬೂದಿ ಬಣ್ಣಕ್ಕೆ ಒಂದು ಪಾಲು ಕಪ್ಪು ಬೆರೆತರೆ ಏನು ಕಾಣುತ್ತೆ? ಇದರ ಮೇಲೆ ಇನ್ನೊಂದು ಪೆದ್ದುತನ: ಕ್ಯಾಮೆರಾ ನೇರ ಕೆಳಗೆ ನೋಡ್ತಿತ್ತು, ಗೋಡೆ ನೆಟ್ಟಗೆ ನಿಂತಿತ್ತು. ಗೋಡೆಯ ಮುಖವೇ ಫೋಟೋದಲ್ಲಿ ಇರಲಿಲ್ಲ, ತಲೆ ಮಾತ್ರ ಇತ್ತು. ನಾವು ಜೂಮ್ ಮಾಡಿ ಪರೀಕ್ಷಿಸಿದ್ದು ಗೋಡೆಯ ತಲೆಯನ್ನು.

ಹಾಗಂತ ನೂರು ಮೀಟರ್ ತಪ್ಪು ಎತ್ತರ ಅಂತಲ್ಲ. ನಕ್ಷೆಗೆ ಅದು ಚೆನ್ನಾಗೇ ಇತ್ತು. 1:500 ಪ್ರಮಾಣದ ನಕ್ಷೆ ತಗೊಳ್ಳಿ, ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಯ ಮನೆ ಜಾಗಗಳಿಗೆ ಮಾಡೋದು ಇದೇ ಪ್ರಮಾಣದಲ್ಲಿ. ಕಾಗದದ ಮೇಲೆ 0.1 ಮಿಲಿಮೀಟರ್ ಗೆರೆ, ಕಣ್ಣಿಗೆ ಕಾಣೋ ತೀರಾ ಸಪೂರ ಗೆರೆ ಅಂದುಕೊಳ್ಳೋಣ. ನೆಲದ ಮೇಲೆ ಅದು 5 ಸೆಂಟಿಮೀಟರ್. ನಮ್ಮ 2.74 ಅದರೊಳಗೆ ಆರಾಮಾಗಿ ಕೂರುತ್ತೆ. ನಕ್ಷೆಯ ಜಾಗ ಸರಿ ಕೂರಬೇಕಾದರೆ ಕಂಟ್ರೋಲ್ ಪಾಯಿಂಟ್ ಬೇರೆ ಬೇಕು, ಎಷ್ಟೇ ಚೂಪಾದ ಫೋಟೋ ಆದರೂ ಅದಿಲ್ಲದೆ ಇಡೀ ನಕ್ಷೆ ಕೆಲವು ಮೀಟರ್ ಪಕ್ಕಕ್ಕೆ ಜರುಗಿರಬಹುದು. ಅದು ಬೇರೆ ಮಾತು. ಇಲ್ಲಿ ಹೇಳಬೇಕಾದ್ದು, ಒಂದೇ ಹಾರಾಟ ಒಂದು ಕೆಲಸಕ್ಕೆ ಸಾಕಷ್ಟು ಚೆನ್ನಾಗಿದ್ದು ಇನ್ನೊಂದಕ್ಕೆ ಪೂರ್ತಿ ಕುರುಡಾಗಿತ್ತು.

ಇಲ್ಲಿಗೆ ಬಂದಾಗ ಎಲ್ಲರೂ ಕೊಡೋ ಸಲಹೆ ಒಂದಿದೆ: "ಹಾಗಾದ್ರೆ ಕೆಳಗೆ ಹಾರಿಸು ಮಗಾ, ಅಷ್ಟೇ ತಾನೇ?" ನಾವೂ ಹಾಗೇ ಮಾಡಿದೆವು. ಎರಡನೇ ಸಲ ಹೋಗಿ ಅದೇ ಹತ್ತು ಹೆಕ್ಟೇರನ್ನು 30 ಮೀಟರಿನಲ್ಲಿ ಹಾರಿಸಿದೆವು. ಈ ಸಲಹೆಯ ಬಗ್ಗೆಯೂ ನಮಗೆ ತಕರಾರಿದೆ.

ಮೊದಲನೇ ತಕರಾರು ಲೆಕ್ಕದ್ದು. ನಮ್ಮ ಕ್ಯಾಮೆರಾ ನೂರು ಮೀಟರಿನಿಂದ 150 ಮೀಟರ್ ಅಗಲ, 100 ಮೀಟರ್ ಉದ್ದದ ನೆಲ ನೋಡುತ್ತೆ. ಮುಂದಕ್ಕೆ ಶೇಕಡಾ 80, ಪಕ್ಕಕ್ಕೆ ಶೇಕಡಾ 70 ಒಂದರ ಮೇಲೊಂದು ಬೀಳಬೇಕು ಅಂದರೆ ಪ್ರತಿ ಫೋಟೋ ಹೊಸದಾಗಿ ಕೊಡೋದು 45 ಗುಣಿಸು 20, ಅಂದರೆ 900 ಚದರ ಮೀಟರ್. ಮೂವತ್ತು ಮೀಟರಿನಲ್ಲಿ ಅದು 13.5 ಗುಣಿಸು 6, ಬರೀ 81 ಚದರ ಮೀಟರ್. ನೂರಿಪ್ಪತ್ತು ಫೋಟೋದ ಕೆಲಸ ಸಾವಿರದ ಇನ್ನೂರು ದಾಟಿತು. ಎತ್ತರ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಕಮ್ಮಿಯಾದರೆ ಫೋಟೋ ಹನ್ನೊಂದು ಪಟ್ಟು. ಬ್ಯಾಟರಿ ಬದಲಾಯಿಸಿ ಬದಲಾಯಿಸಿ ಇಡೀ ಮಧ್ಯಾಹ್ನ ಹೋಯಿತು. ಇಷ್ಟಾಗಿಯೂ ಜಿಎಸ್‌ಡಿ 8.2 ಮಿಲಿಮೀಟರ್. ಬಿರುಕು ಈಗಲೂ ಕಾಲು ಪಿಕ್ಸೆಲ್.

ಎರಡನೇದು ಓಟದ್ದು. ಕ್ಯಾಮೆರಾ ಎರಡು ಸೆಕೆಂಡಿಗೊಂದು ಫೋಟೋ ತೆಗೀತಿತ್ತು, ಫೋಟೋಗಳ ನಡುವೆ 6 ಮೀಟರ್ ಬೇಕು, ಹಾಗಾಗಿ ಸೆಕೆಂಡಿಗೆ 3 ಮೀಟರ್ ವೇಗ ಇಟ್ಟೆವು. ಸಂಜೆ ಮೋಡ ಕವಿದು ಶಟರ್ ಸೆಕೆಂಡಿನ 200ನೇ ಒಂದು ಪಾಲಿಗೆ ಇಳಿಯಿತು. ಶಟರ್ ತೆರೆದಿರುವಷ್ಟರಲ್ಲಿ ಡ್ರೋನ್ 1.5 ಸೆಂಟಿಮೀಟರ್ ಮುಂದೆ ಹೋಗಿರುತ್ತೆ. ನೂರು ಮೀಟರಿನಲ್ಲಿ ಅದು ಅರ್ಧ ಪಿಕ್ಸೆಲ್, ಯಾರಿಗೂ ಗೊತ್ತಾಗಲ್ಲ. ಮೂವತ್ತರಲ್ಲಿ ಹತ್ತಿರ ಹತ್ತಿರ ಎರಡು ಪಿಕ್ಸೆಲ್. ಕಾಗದದ ಮೇಲೆ ಜಿಎಸ್‌ಡಿ 8.2 ಮಿಲಿಮೀಟರ್, ಫೋಟೋದಲ್ಲಿರೋ ವಿವರ ಅದರ ಅರ್ಧದಷ್ಟೂ ಇಲ್ಲ. ಹಾರುವ ದಿಕ್ಕಿಗೆ ಅಡ್ಡ ಇರೋ ಅಂಚುಗಳು ಮಸುಕಾಗಿ, ಉದ್ದಕ್ಕೆ ಇರೋ ಅಂಚುಗಳು ಚೂಪಾಗಿದ್ದರೆ ಇದೇ ಕಾಯಿಲೆ ಅಂತ ತಿಳೀರಿ. ಫೋಕಸ್ ತಪ್ಪಿದ್ದರೆ ಎರಡೂ ಮಸುಕಾಗುತ್ತೆ.

ಮೂರನೇದು, ನಮಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು. ಆ್ಯಪ್‌ನಲ್ಲಿ ನಾವು ಬರೆಯೋ ಎತ್ತರ ಡ್ರೋನ್ ಎದ್ದ ಜಾಗದಿಂದ ಲೆಕ್ಕ, ಅದರ ಕೆಳಗಿರೋ ನೆಲದಿಂದ ಅಲ್ಲ. ನಾವು ನೆರಳಿದೆ ಅಂತ ಏರಿಯ ಕೆಳಗಿನ ಗದ್ದೆಯಿಂದ ಎಬ್ಬಿಸಿದ್ದೆವು. ಏರಿ ಅಲ್ಲಿಂದ 8 ಮೀಟರ್ ಎತ್ತರ. ಏರಿಯ ಮೇಲೆ ಡ್ರೋನ್ ಹಾರಿದ್ದು 22 ಮೀಟರಿನಲ್ಲಿ, ಜಿಎಸ್‌ಡಿ 6 ಮಿಲಿಮೀಟರ್. ಒಳ್ಳೇದೇ ಆಯ್ತಲ್ಲ ಅನ್ನಬೇಡಿ. ಏರಿಯ ಕೊನೆಗೆ ಒಂದು ಬಂಡೆಗುಡ್ಡ ಇದೆ, ಗದ್ದೆಯಿಂದ 18 ಮೀಟರ್. ಅಲ್ಲಿ ಡ್ರೋನಿಗೂ ನೆಲಕ್ಕೂ 12 ಮೀಟರ್ ಅಷ್ಟೇ ಉಳಿದಿತ್ತು. ಸಾಲುಗಳ ನಡುವಿನ ಅಂತರ ಮಾತ್ರ ಮೂವತ್ತು ಮೀಟರಿಗೆ ಹಾಕಿದ್ದ ಅದೇ 13.5 ಮೀಟರ್. ಹನ್ನೆರಡು ಮೀಟರಿನಿಂದ ಕ್ಯಾಮೆರಾ ನೋಡೋ ಅಗಲ 18 ಮೀಟರ್. ಪಕ್ಕದ ಸಾಲಿನ ಜೊತೆ ಹಂಚಿಕೊಂಡದ್ದು 4.5 ಮೀಟರ್, ಅಂದರೆ ಶೇಕಡಾ 25. ಎಪ್ಪತ್ತು ಬೇಕಿದ್ದ ಕಡೆ ಇಪ್ಪತ್ತೈದು! ಗುಡ್ಡದ ಮೇಲೆ ಮಾಡೆಲ್ ತೂತು ಬಿದ್ದ ಜರಡಿಯಂತಾಯಿತು. ವಿವರ ಹೆಚ್ಚಾದ ಜಾಗದಲ್ಲೇ ನಕ್ಷೆ ಹರಿಯಿತು. ಈಗ ನಾವು ಪಾಲಿಸೋ ನಿಯಮ ಹೀಗಿದೆ: ಜಿಎಸ್‌ಡಿಯನ್ನು ಸೈಟಿನ ತೀರಾ ತಗ್ಗಿನ ಜಾಗಕ್ಕೆ ಲೆಕ್ಕ ಹಾಕಬೇಕು, ಓವರ್‌ಲ್ಯಾಪನ್ನು ತೀರಾ ಎತ್ತರದ ಜಾಗಕ್ಕೆ. ಎರಡೂ ಒಂದೇ ಹಾರಾಟದಲ್ಲಿ ಹೊಂದಲಿಲ್ಲ ಅಂದರೆ ಸೈಟನ್ನು ಎರಡು ತುಂಡು ಮಾಡಿ, ಇಲ್ಲವೇ ನೆಲದ ಏರಿಳಿತ ಅನುಸರಿಸಿ ಹಾರೋ ಸೌಲಭ್ಯ ಆ್ಯಪ್‌ನಲ್ಲಿದ್ದರೆ ಅದನ್ನು ಬಳಸಿ.

ಮೂರನೇ ಸಲ ಹೋಗುವಾಗ ಲೆಕ್ಕವನ್ನು ಉಲ್ಟಾ ಮಾಡಿದೆವು. ಕಾಣಬೇಕಾದ್ದು 2 ಮಿಲಿಮೀಟರ್ ಬಿರುಕು. ಅದರ ಅಗಲವನ್ನು ಫೋಟೋದಲ್ಲೇ ಅಳೆಯಬೇಕು ಅಂದರೆ ಅಡ್ಡಕ್ಕೆ ಕನಿಷ್ಠ ಮೂರು ಪಿಕ್ಸೆಲ್ ಬೀಳಲಿ ಅಂದುಕೊಂಡೆವು. ಅಂದರೆ ಪಿಕ್ಸೆಲ್ 0.67 ಮಿಲಿಮೀಟರ್, ದೂರ 2.4 ಮೀಟರ್. ಗೋಡೆಯಿಂದ 2.4 ಮೀಟರಿನಲ್ಲಿ, ಕೆರೆಯ ಗಾಳಿಯಲ್ಲಿ ಡ್ರೋನ್ ನಿಲ್ಲಿಸೋದು ಅಂದರೆ ರೆಕ್ಕೆಗೂ ಗೋಡೆಗೂ ಮದುವೆ ಮಾಡಿದ ಹಾಗೆ. ಲ್ಯಾಬ್ ಸರ್ ಖಡಾಖಂಡಿತ "ಆಗಲ್ಲ" ಅಂದರು. ಉದ್ದ ಫೋಕಲ್ ಲೆಂಗ್ತಿನ ಲೆನ್ಸ್ ಇದ್ದಿದ್ದರೆ ದಾರಿಯಿತ್ತು. ಪಿಕ್ಸೆಲ್ ಗಾತ್ರ ಅದೇ ಇದ್ದು ಫೋಕಲ್ ಲೆಂಗ್ತ್ ಮೂರು ಪಟ್ಟಾದರೆ ಮೂರು ಪಟ್ಟು ದೂರದಿಂದ ಅದೇ ಜಿಎಸ್‌ಡಿ ಸಿಗುತ್ತೆ. ಅದು ಲೆನ್ಸಿನ ನಿಜವಾದ ಜೂಮ್ ಆಗಿರಬೇಕು, ಡಿಜಿಟಲ್ ಜೂಮ್ ಅಂದರೆ ಇರೋ ಪಿಕ್ಸೆಲನ್ನೇ ಹಿಗ್ಗಿಸೋದು. ನಮ್ಮಲ್ಲಿ ಅಂಥ ಲೆನ್ಸ್ ಇರಲಿಲ್ಲ.

ಹಾಗಾಗಿ ಆಸೆಯನ್ನು ಕಡಿಮೆ ಮಾಡಿಕೊಂಡೆವು. ಅಗಲ ಅಳೆಯೋದು ಬೇಡ, ಎಲ್ಲಿದೆ ಅಂತ ಕಂಡರೆ ಸಾಕು. ಕಪ್ಪು ಗೆರೆಯೊಂದು ಉದ್ದಕ್ಕೆ ಓಡಿದ್ದರೆ ಒಂದೂವರೆ ಪಿಕ್ಸೆಲಿನಲ್ಲೂ ಕಣ್ಣು ಅದನ್ನು ಹಿಡಿಯುತ್ತೆ. ಗೋಡೆಯಿಂದ 5 ಮೀಟರ್ ದೂರ, ಜಿಎಸ್‌ಡಿ 1.37 ಮಿಲಿಮೀಟರ್. ಇಲ್ಲಿ ಎತ್ತರ ಅನ್ನೋ ಪದಕ್ಕೆ ಅರ್ಥವೇ ಇಲ್ಲ, ಸೂತ್ರದಲ್ಲಿರೋ H ಅಂದರೆ ಕ್ಯಾಮೆರಾದಿಂದ ನೋಡೋ ವಸ್ತುವಿಗೆ ಇರೋ ದೂರ. ಕ್ಯಾಮೆರಾವನ್ನು ಅಡ್ಡಕ್ಕೆ ತಿರುಗಿಸಿ, ಒಂದೂವರೆ ಮೀಟರಿಗೊಂದು ಸಲ ನಿಲ್ಲಿಸಿ ನಿಲ್ಲಿಸಿ, 24 ಮೀಟರ್ ಗೋಡೆಗೆ ಎರಡು ಸಾಲು ಫೋಟೋ ತೆಗೆದೆವು. ಒಟ್ಟು 34. ತಾತ ತೋರಿಸಿದ ಬಿರುಕು ಅದರಲ್ಲಿ ಕಂಡಿತು, ಕೈಗೆಟುಕದ ಎತ್ತರದಲ್ಲಿ ಇನ್ನೊಂದೂ ಕಂಡಿತು. ಅಗಲವನ್ನು ಏಣಿ ಹಾಕಿ, ಬಿರುಕಿನ ಅಗಲ ಅಳೆಯೋ ಪಾರದರ್ಶಕ ಕಾರ್ಡ್ ಹಿಡಿದು ನೋಡಿದೆವು. ಸಾವಿರದ ಇನ್ನೂರು ಫೋಟೋದಲ್ಲಿ ಸಿಗದ್ದು ಮೂವತ್ತನಾಲ್ಕರಲ್ಲಿ ಸಿಕ್ಕಿತು.

ಇಷ್ಟು ಹೇಳಿ ಈಗ ನಮ್ಮ ವಾದಕ್ಕೆ ಬರ್ತೀವಿ. ನಮ್ಮ ಕಾಲೇಜಿನ ರಿಪೋರ್ಟ್ ಮಾದರಿಯಲ್ಲಿ ಹಾರಾಟದ ಎತ್ತರಕ್ಕೆ ಒಂದು ಖಾನೆ ಇದೆ, ಜಿಎಸ್‌ಡಿಗೆ ಇಲ್ಲ. ಇದು ಬದಲಾಗಬೇಕು. ಕ್ಯಾಮೆರಾ, ಲೆನ್ಸ್ ತಿಳಿಯದೆ ಎತ್ತರ ಒಂದನ್ನೇ ಬರೆದರೆ ಓದುವವರಿಗೆ ಏನೂ ಗೊತ್ತಾಗಲ್ಲ. ಆ ಖಾನೆಯ ಜಾಗದಲ್ಲಿ ಮೂರು ಸಾಲು ಇರಲಿ. ಈ ಕೆಲಸಕ್ಕೆ ಕಾಣಲೇಬೇಕಾದ ಅತಿ ಸಣ್ಣ ವಸ್ತು ಯಾವುದು, ಅದರ ಅಳತೆ ಎಷ್ಟು. ಅದಕ್ಕೆ ಬೇಕಾದ ಜಿಎಸ್‌ಡಿ ಎಷ್ಟು, ಅದರಿಂದ ಬಂದ ದೂರ ಎಷ್ಟು. ಫೋಟೋದಲ್ಲಿ ಗೊತ್ತಿರೋ ಉದ್ದದ ವಸ್ತುವನ್ನು ಎಣಿಸಿದಾಗ ನಿಜವಾಗಿ ಸಿಕ್ಕ ಜಿಎಸ್‌ಡಿ ಎಷ್ಟು. ಮೂರನೇದಕ್ಕೆ ಖರ್ಚೇನಿಲ್ಲ, ಸರ್ವೇ ಲ್ಯಾಬಿನ ಸ್ಟಾಫನ್ನು ನೆಲದ ಮೇಲೆ ಮಲಗಿಸಿದರೆ ಸಾಕು. ಈ ಸಲ ಮರೆತಲ್ಲ, ಬೇಕಂತಲೇ.

"ಇಷ್ಟೆಲ್ಲ ಯಾಕೆ, ಪ್ಲಾನಿಂಗ್ ಆ್ಯಪ್ ಜಿಎಸ್‌ಡಿ ತಾನೇ ತೋರಿಸುತ್ತಲ್ಲ" ಅಂತ ಜೂನಿಯರ್ಸ್ ಕೇಳ್ತಾರೆ. ತೋರಿಸುತ್ತೆ, ನೀವು ಸರಿಯಾದ ಕ್ಯಾಮೆರಾ ಆರಿಸಿದ್ದರೆ, ನೆಲ ಸಮತಟ್ಟಾಗಿದ್ದರೆ, ಡ್ರೋನ್ ಅಲ್ಲಾಡದಿದ್ದರೆ. ಆ ಸಂಖ್ಯೆ ಅಂದಾಜು, ಸ್ಟಾಫು ಹೇಳೋದು ಅಳತೆ.

ಇನ್ನೊಂದು ಸಾಲು ವರದಿಯ ತೀರ್ಮಾನದಲ್ಲೇ ಬರಬೇಕು ಅನ್ನೋದು ನಮ್ಮ ಹಟ. ಪಂಚಾಯಿತಿಗೆ ಕೊನೆಗೆ ಕೊಟ್ಟ ವರದಿಯಲ್ಲಿ ನಾವು ಬರೆದದ್ದು ಹೀಗೆ: "ಗೋಡೆಯಲ್ಲಿ ಎರಡು ಬಿರುಕುಗಳಿವೆ. ಈ ಫೋಟೋಗಳಲ್ಲಿ ಸುಮಾರು 2 ಮಿಲಿಮೀಟರಿಗಿಂತ ಸಣ್ಣ ಬಿರುಕುಗಳು ಇದ್ದರೂ ಕಾಣದೆ ಹೋಗಿರಬಹುದು." ಎರಡನೇ ವಾಕ್ಯ ಬರೆಯೋಕೆ ನಮ್ಮಲ್ಲೇ ಒಬ್ಬರಿಗೆ ಮುಜುಗರ ಆಯಿತು, ಮಾಡಿದ ಕೆಲಸ ಸಣ್ಣದಾಗಿ ಕಾಣುತ್ತೆ ಅಂತ. ಓದಿಸಿ ಕೇಳಿದ ನೀರುಗಂಟಿ ತಾತ ಮಾತ್ರ ಅದೇ ಸಾಲಿನ ಹತ್ತಿರ ತಡೆದರು. "ಹಂಗಾದ್ರೆ ಸಣ್ಣವನ್ನ ನಾನೇ ನೋಡ್ಕೋಬೇಕು ಅಂತಾಯ್ತು" ಅಂದರು. ಹೌದು ಅಂದೆವು.